ತಪ್ಪು ಓದಿನ ಕತೆ: ರಸಿಕರಿಗೊಂದು ಕೈಪಿಡಿ

ಮೇಷ್ಟ್ರೊಬ್ಬರು ಉತ್ತರಪತ್ರಿಕೆ ತಿದ್ದುತ್ತಿರುತ್ತಾರೆ. ಕಟ್ಟಿನ ನಡುವೆ ಎಲ್ಲೋ ಒಂದು ಉತ್ತರ ಸಿಗುತ್ತದೆ. ಪದ್ಯವನ್ನು ಅದು ತಪ್ಪಾಗಿಯೇ ಓದಿದೆ, ಆದರೂ ಅದರ ಮುಂದೆ ಕೆಂಪು ಪೆನ್ನು ನಿಂತುಬಿಡುತ್ತದೆ. ಇಷ್ಟೇ ಬಂಡವಾಳದ ಮೇಲೆ ನಿಲ್ಲುವ ಸಣ್ಣಕತೆಗಳಿವೆ. ಹೊರಗಿನ ಘಟನೆ ಇವುಗಳಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಒಬ್ಬರು ಕೂತು ಓದುತ್ತಾರೆ, ಒಂದು ಅಂಕ ಹಾಕುತ್ತಾರೆ, ಅಷ್ಟೇ. ಹಾಗಾಗಿ ಹೊಸ ಓದುಗರು ಇಂಥ ಕತೆಯನ್ನು ಹತ್ತು ನಿಮಿಷದಲ್ಲಿ ಮುಗಿಸಿ, ಪಾಪ, ಹುಡುಗ ಎಷ್ಟು ಚೆನ್ನಾಗಿ ಬರೆದಿದ್ದಾನೆ ಎಂದು ಪುಸ್ತಕ ಮುಚ್ಚುತ್ತಾರೆ. ಆ ಮೆಚ್ಚುಗೆಯಲ್ಲಿ ಕತೆಯ ಮುಕ್ಕಾಲು ಪಾಲು ಕೈಜಾರಿ ಹೋಗಿರುತ್ತದೆ.

ಒಂದು ಕತೆಯನ್ನೇ ಮುಂದಿಟ್ಟುಕೊಂಡು ನೋಡೋಣ. ಈ ಕೈಪಿಡಿಗೆಂದೇ ಹೆಣೆದ ಕತೆ ಇದು. ಅದರೊಳಗಿನ ಪದ್ಯ ಮಾತ್ರ ನಮ್ಮೆಲ್ಲರದು, ಗೋವಿನ ಹಾಡು.

ಉತ್ತರ ಕನ್ನಡದ ಒಂದು ಹೈಸ್ಕೂಲು. ಎಂಟನೆಯ ತರಗತಿಯ ಕಿರುಪರೀಕ್ಷೆ ಮುಗಿದಿದೆ. ಶಾರದಾ ಅಕ್ಕೋರು ಮೂವತ್ತನಾಲ್ಕು ಉತ್ತರಪತ್ರಿಕೆಗಳನ್ನು ಮನೆಗೆ ತಂದಿದ್ದಾರೆ. ಬೆಳಗ್ಗೆ ಅಂಕಗಳು ರಿಜಿಸ್ಟರಿಗೆ ಏರಬೇಕು. ಕೊನೆಯ ಪ್ರಶ್ನೆಗೆ ಐದು ಅಂಕ: ಗೋವಿನ ಹಾಡಿನಲ್ಲಿ ಸತ್ಯದ ಮಹಿಮೆ ಹೇಗೆ ವ್ಯಕ್ತವಾಗಿದೆ, ವಿವರಿಸಿ. ಉತ್ತರ ಅವರೇ ಬರೆಸಿದ ನೋಟ್ಸಿನಲ್ಲಿದೆ. ಒಂದಾದ ಮೇಲೊಂದು ಪತ್ರಿಕೆಯಲ್ಲಿ ಅದೇ ವಾಕ್ಯಗಳು ಅದೇ ಕ್ರಮದಲ್ಲಿ ಬರುತ್ತವೆ. ಪುಣ್ಯಕೋಟಿ ಕೊಟ್ಟ ಮಾತಿಗೆ ತಪ್ಪಲಿಲ್ಲ, ಹುಲಿಗೆ ಪಶ್ಚಾತ್ತಾಪವಾಯಿತು, ಇದರಿಂದ ಸತ್ಯಕ್ಕೆ ಸಾವಿಲ್ಲವೆಂದು ತಿಳಿಯುತ್ತದೆ. ನಾಲ್ಕು, ನಾಲ್ಕೂವರೆ, ನಾಲ್ಕು. ಹತ್ತೊಂಬತ್ತನೆಯ ಪತ್ರಿಕೆಯಲ್ಲಿ ಹೀಗಿದೆ:

“ಪುಣ್ಯಕೋಟಿ ಸತ್ಯ ಹೇಳಿತು. ಆದರೆ ಹುಲಿ ಸತ್ತದ್ದು ಅದಕ್ಕಲ್ಲ. ಹಸುವಿಗೆ ಹೋಗಿ ಹೇಳಿ ಬರಲಿಕ್ಕೆ ಕರು ಇತ್ತು. ಕೊಟ್ಟಿಗೆಯಲ್ಲಿ ಬೇರೆ ಹಸುಗಳೂ ಇದ್ದವು. ಹುಲಿಗೆ ಯಾರೂ ಇರಲಿಲ್ಲ. ಏಳು ದಿನ ಉಪವಾಸ ಇದ್ದರೂ ಯಾರೂ ಕೇಳಲಿಲ್ಲ. ಹುಲಿಯನ್ನು ನೋಡಿದವರೆಲ್ಲ ಓಡಿಹೋಗುತ್ತಾರೆ. ಓಡಿದವರು ವಾಪಸ್ ಬರುವುದಿಲ್ಲ. ಹಸು ಮಾತ್ರ ವಾಪಸ್ ಬಂತು. ಅದಕ್ಕೇ ಹುಲಿ ಅಕ್ಕ ಎಂದು ಕರೆಯಿತು. ತಿಂದರೆ ಅಕ್ಕ ಇರುವುದಿಲ್ಲ. ಬಿಟ್ಟರೆ ಅಕ್ಕ ಕರುವಿನ ಹತ್ತಿರ ಹೋಗುತ್ತಾಳೆ. ಹೇಗಾದರೂ ಹುಲಿ ಒಂದೇ ಉಳಿಯುತ್ತದೆ. ಅದಕ್ಕೆ ಹಾರಿತು.”

ಅಕ್ಕೋರು ಮೊದಲು ಎರಡು ಒತ್ತಕ್ಷರದ ತಪ್ಪುಗಳಿಗೆ ಸುತ್ತು ಹಾಕುತ್ತಾರೆ. ‘ಪ್ರಶ್ನೆಗೆ ಉತ್ತರವಲ್ಲ’ ಎಂದು ಅಂಚಿನಲ್ಲಿ ಬರೆದು ಒಂದು ಅಂಕ ಕೊಟ್ಟು ಮುಂದೆ ಹೋಗುತ್ತಾರೆ. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ಇಪ್ಪತ್ತಮೂರನೆಯದರಲ್ಲಿ ‘ಹುಲಿಗೆ ಪಶ್ಚಾತ್ತಾಪವಾಯಿತು’ ಎಂಬಲ್ಲಿಗೆ ಬಂದಾಗ ಪೆನ್ನು ನಿಲ್ಲುತ್ತದೆ. ಎದ್ದು ಹೋಗಿ ಪಠ್ಯಪುಸ್ತಕ ತರುತ್ತಾರೆ. ಹುಲಿಗೆ ಬಂಧುಬಳಗ ಉಂಟೋ ಇಲ್ಲವೋ ಎಂದು ಪದ್ಯದಲ್ಲಿ ಹುಡುಕುತ್ತಾರೆ. ಆ ಮಾತೇ ಅಲ್ಲಿಲ್ಲ. ಆದರೆ ತಾಯಿ ಸಾಯಲು ಹೊರಟಾಗ ಕರು ಕೇಳುವ ಪ್ರಶ್ನೆಗಳು ಸಿಗುತ್ತವೆ. ಇನ್ನು ಯಾರ ಹಾಲು ಕುಡಿಯಲಿ, ಯಾರ ಮಗ್ಗುಲಲ್ಲಿ ಮಲಗಲಿ ಎಂದು ಕರು ಅಳುತ್ತದೆ. ಹತ್ತೊಂಬತ್ತನೆಯ ಪತ್ರಿಕೆಯ ಹುಡುಗ ಕರುವಿನ ಅಳಲನ್ನು ಎತ್ತಿ ಹುಲಿಗೆ ಕೊಟ್ಟಿದ್ದಾನೆ ಎಂದು ಅವರಿಗೆ ಹೊಳೆಯುತ್ತದೆ. ಇನ್ನಷ್ಟು ಮುಂದಕ್ಕೆ ಓದುತ್ತಾರೆ. ಇವಳನ್ನು ಕೊಂದು ತಿಂದರೆ ಪರಮಾತ್ಮ ಮೆಚ್ಚುವುದಿಲ್ಲವೆಂದು ಹುಲಿ ತನ್ನ ಬಾಯಿಂದಲೇ ಹೇಳುತ್ತದೆ. ಹುಡುಗ ಅದನ್ನು ಬಿಟ್ಟಿದ್ದಾನೆ. ಅಕ್ಕೋರು ಒಂದನ್ನು ಹೊಡೆದುಹಾಕಿ ಎರಡು ಮಾಡುತ್ತಾರೆ. ‘ಪರಮಾತ್ಮನ ಮಾತು ಬಿಟ್ಟಿದ್ದೀಯ. ಪುಸ್ತಕ ತೆಗೆದುಕೊಂಡು ಬಂದು ಕಾಣು’ ಎಂದು ಬರೆಯುತ್ತಾರೆ.

ಮರುದಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹುಡುಗ ಪುಸ್ತಕ ಹಿಡಿದು ಬರುತ್ತಾನೆ. ಅಕ್ಕೋರು ಆ ಸಾಲಿನ ಮೇಲೆ ಬೆರಳಿಡುತ್ತಾರೆ. ಹುಡುಗ ಓದಿ, ಸ್ವಲ್ಪ ಹೊತ್ತು ಬಿಟ್ಟು ಹೇಳುತ್ತಾನೆ: “ಅದು ಹುಲಿ ಹೇಳಿದ್ದು, ಅಕ್ಕೋರೆ. ಸತ್ಯ ಹೇಳ್ತೇನೆ ಅಂತ ಹೇಳಿದ್ದು ಹಸು ಮಾತ್ರ.”

ಕತೆ ಮುಗಿಯಿತು.

ಈಗ ರಸಿಕರ ಮೊದಲ ಕೆಲಸ. ಈ ಬಗೆಯ ಕತೆಯಲ್ಲಿ ಓದು ಮೂರು ಮಜಲುಗಳಲ್ಲಿ ನಡೆದಿರುತ್ತದೆ. ಪದ್ಯವನ್ನು ಹುಡುಗ ಓದಿದ್ದಾನೆ, ಹುಡುಗನನ್ನು ಅಕ್ಕೋರು ಓದಿದ್ದಾರೆ, ಅವರಿಬ್ಬರನ್ನು ನಾವು ಓದುತ್ತಿದ್ದೇವೆ. ಕೆಳಗಿನ ಮಜಲು, ಅಂದರೆ ಪದ್ಯ, ನಮಗೆ ಗೊತ್ತಿರದಿದ್ದರೆ ಮೇಲಿನ ಎರಡೂ ಗಾಳಿಯಲ್ಲಿ ತೇಲುತ್ತವೆ. ಹಾಗಾಗಿ ಕತೆಯಲ್ಲಿ ಹೆಸರಿಸಿದ ಪದ್ಯವನ್ನು ಹುಡುಕಿ, ಒಮ್ಮೆ ಪೂರ್ತಿ ಓದಿ, ಆಮೇಲೆ ಕತೆಗೆ ಮರಳಿ. ಗೋವಿನ ಹಾಡು ನಮಗೆ ಬಾಯಿಪಾಠವಿದೆ ಎಂದುಕೊಳ್ಳುತ್ತೇವೆ. ಆದರೆ ಬಾಯಿಗೆ ಬರುವುದು ಹೆಚ್ಚಾಗಿ ಮೊದಲ ಕೆಲವು ನುಡಿಗಳು ಮತ್ತು ಬೀಳ್ಕೊಡುಗೆಯ ಭಾಗ. ಹುಲಿಯ ಕೊನೆಯ ಮಾತುಗಳನ್ನು ಎಷ್ಟು ಜನ ಸರಿಯಾಗಿ ನೆನಪಿಟ್ಟಿದ್ದಾರೆ? ಮೊದಲ ಬಾರಿ ಹುಡುಗನ ಉತ್ತರ ಓದಿದಾಗ ಪರಮಾತ್ಮನ ಮಾತು ನಿಮಗೂ ಹೊಳೆಯದೆ ಹೋಗಿದ್ದರೆ, ಅಕ್ಕೋರು ಪುಸ್ತಕ ತರಲು ಏಳುವ ಕ್ಷಣಕ್ಕೆ ಹೆಚ್ಚು ಬೆಲೆ ಬರುತ್ತದೆ. ಅವರೂ ಮರೆತಿದ್ದರು. ವರ್ಷ ವರ್ಷವೂ ಪಾಠ ಮಾಡಿದವರು ನೋಟ್ಸನ್ನು ನೆನಪಿಟ್ಟಿದ್ದರು, ಪದ್ಯವನ್ನಲ್ಲ.

ಎರಡನೆಯದು, ಈ ಓದು ನಿಜವಾಗಿಯೂ ತಪ್ಪೇ ಎಂದು ಪರೀಕ್ಷಿಸುವುದು. ಈ ಹಂತವನ್ನು ದಾಟಿಬಿಡಲು ಮನಸ್ಸು ಹವಣಿಸುತ್ತದೆ. ಕಾವ್ಯಕ್ಕೆ ಸಾವಿರ ಅರ್ಥ, ಹುಡುಗನದೂ ಒಂದು ಅರ್ಥ ಎಂದು ಹೇಳಿಬಿಟ್ಟರೆ ಕತೆಯ ಎಳೆತವೇ ಸತ್ತುಹೋಗುತ್ತದೆ. ಎಲ್ಲ ಓದೂ ಸರಿಯಾದರೆ ಅಕ್ಕೋರ ಸಂಕಟಕ್ಕೆ ಕಾರಣವೇ ಇಲ್ಲ, ಐದು ಕೊಟ್ಟು ಮಲಗಬಹುದಿತ್ತು. ಈ ಕತೆಯಲ್ಲಿ ಹುಡುಗನ ಓದು ತಪ್ಪು, ಮತ್ತು ಆ ತಪ್ಪನ್ನು ತೋರಿಸಬಹುದು. ಹುಲಿಯ ಬಾಯಲ್ಲಿ ಕಾರಣವಿದೆ. ಅದರಾಚೆಗೆ, ಹಾಡಿನ ಪೂರ್ಣ ಪಾಠದಲ್ಲಿ ಹುಲಿ ಸತ್ತ ಮೇಲೂ ಕತೆ ಮುಂದುವರಿಯುತ್ತದೆ. ಪುಣ್ಯಕೋಟಿ ಬಂದು ಕರುವಿಗೆ ಹಾಲೂಡಿಸಿ, ಗೊಲ್ಲನನ್ನು ಕರೆದು, ಪ್ರತಿ ಸಂಕ್ರಾಂತಿಗೂ ಕೃಷ್ಣನನ್ನು ಭಜಿಸಬೇಕೆಂದು ಹೇಳುತ್ತದೆ. ಅಂದರೆ ಹಾಡು ತನ್ನನ್ನು ತಾನು ಒಂದು ಹಬ್ಬಕ್ಕೆ ಕಟ್ಟಿಕೊಂಡಿದೆ. ಹುಲಿಯ ಒಂಟಿತನದಲ್ಲಿ ಮುಗಿಯುವ ಹಾಡಲ್ಲ ಅದು. ಶಾಲೆಯ ಪುಸ್ತಕಗಳಲ್ಲಿ ಪದ್ಯವನ್ನು ಮೊಟಕುಗೊಳಿಸಿ ಕೊಡುವುದುಂಟು. ಹುಲಿಯ ಸಾವಿಗೇ ನಿಲ್ಲುವ ಪಾಠ ಹುಡುಗನ ಕೈಯಲ್ಲಿದ್ದರೆ ಅವನ ಓದಿಗೆ ಸ್ವಲ್ಪ ಹೆಚ್ಚು ಜಾಗ ಸಿಗುತ್ತದೆ. ಯಾವ ಪಾಠ ಎಂಬುದು ಇಂಥ ಕತೆಯಲ್ಲಿ ಸಣ್ಣ ವಿವರವಲ್ಲ, ಎಚ್ಚರದ ಕತೆಗಾರರು ಅದನ್ನು ಲೆಕ್ಕಕ್ಕೆ ಹಿಡಿದಿರುತ್ತಾರೆ.

ಹಾಗಾದರೆ ತಪ್ಪು ಓದಿನಲ್ಲಿ ಪ್ರತಿಭೆ ಎಲ್ಲಿದೆ? ನನ್ನ ಮಟ್ಟಿಗೆ ಒಂದೇ ಒರೆಗಲ್ಲು. ಸರಿಯಾದ ಓದು ಕೈಬಿಟ್ಟ ಯಾವುದಾದರೂ ವಿವರವನ್ನು ಈ ತಪ್ಪು ಓದು ಕೈಗೆತ್ತಿಕೊಂಡಿದೆಯೇ? ನೋಟ್ಸಿನ ಉತ್ತರವನ್ನು ನೋಡಿ. ಹುಲಿಗೆ ಪಶ್ಚಾತ್ತಾಪವಾಯಿತು ಎಂದರೆ ಹುಲಿ ಅಳುವುದು ಸರಿಹೋಯಿತು. ಆದರೆ ಪಶ್ಚಾತ್ತಾಪಪಟ್ಟ ಹುಲಿ ಹಸುವನ್ನು ಬಿಟ್ಟು ಕಾಡಿಗೆ ಹೋಗಬಹುದಿತ್ತಲ್ಲ, ಸಾಯಬೇಕಾದದ್ದು ಏಕೆ? ಒಡಹುಟ್ಟಿದ ಅಕ್ಕ ಎಂದು ಇದ್ದಕ್ಕಿದ್ದಂತೆ ನಂಟು ಕಟ್ಟಿದ್ದು ಏಕೆ? ಏಳು ದಿನದ ಹಸಿವನ್ನು ಹಾಡು ಎಣಿಸಿ ಹೇಳಿದ್ದು ಏಕೆ? ಈ ಮೂರಕ್ಕೂ ನೋಟ್ಸಿನಲ್ಲಿ ಜಾಗವಿಲ್ಲ. ಹುಡುಗನ ಓದಿನಲ್ಲಿ ಮೂರೂ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಅವನು ಕಲ್ಪಿಸಿಕೊಂಡದ್ದು ಒಂದೇ ಒಂದು ಸಂಗತಿ, ಹುಲಿಗೆ ಯಾರೂ ಇಲ್ಲ ಎಂಬುದು. ಉಳಿದದ್ದೆಲ್ಲ ಹಾಡಿನಲ್ಲೇ ಇತ್ತು. ಬರೀ ತಪ್ಪು ಓದಿನಲ್ಲಿ ಇದು ತಿರುವುಮುರುವಾಗಿರುತ್ತದೆ, ಕಲ್ಪಿಸಿಕೊಂಡದ್ದು ಹತ್ತು, ಹಾಡಿನಿಂದ ತಂದದ್ದು ಒಂದು.

ಆ ಒಂದು ಕಲ್ಪನೆಯೂ ಹೊರಗಿನಿಂದ ಬಂದದ್ದಲ್ಲ ಎಂಬುದು ಅಕ್ಕೋರ ಶೋಧ. ತಬ್ಬಲಿತನ ಹಾಡಿನಲ್ಲಿದೆ, ಆದರೆ ಕರುವಿನ ಬಾಯಲ್ಲಿದೆ. ಹುಡುಗ ಅದನ್ನು ತೆಗೆದು ಹುಲಿಯ ಎದೆಯಲ್ಲಿಟ್ಟ. ತಪ್ಪು ಹೇಗೆ ಆಯಿತು ಎಂಬ ದಾರಿಯನ್ನು ಕತೆ ಹೀಗೆ ತೋರಿಸಿಕೊಟ್ಟರೆ ಅದು ಗಟ್ಟಿ ಕತೆ. ಕೆಲವು ಕತೆಗಳಲ್ಲಿ ತಪ್ಪು ಓದು ಸಿಡಿಲಿನಂತೆ ಬಂದೆರಗುತ್ತದೆ. ಮೇಷ್ಟ್ರು ಬೆರಗಾಗುತ್ತಾರೆ, ನಾವೂ ಬೆರಗಾಗಬೇಕೆಂದು ಕತೆ ಕೇಳುತ್ತದೆ. ಅಲ್ಲಿ ನಮ್ಮ ಕೈಗೆ ಪರೀಕ್ಷಿಸಲು ಏನೂ ಸಿಗುವುದಿಲ್ಲ.

ಇಲ್ಲಿ ಒಬ್ಬ ಮೇಷ್ಟ್ರನ್ನು ನೆನೆಯಬೇಕು. ಕೇಂಬ್ರಿಜ್‌ನಲ್ಲಿ ಐ.ಎ. ರಿಚರ್ಡ್ಸ್ ಎಂಬವರು ಕವಿಯ ಹೆಸರು ಹೇಳದೆ ಪದ್ಯಗಳನ್ನು ಹಂಚಿ, ವಿದ್ಯಾರ್ಥಿಗಳಿಂದ ಅಭಿಪ್ರಾಯ ಬರೆಸಿಕೊಂಡರು. ಆ ಬರಹಗಳನ್ನೇ ಮುಂದಿಟ್ಟು 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಎಂಬ ಪುಸ್ತಕ ತಂದರು. ಓದುಗರು ಎಡವುವ ಬಗೆಗಳನ್ನು ಅವರು ಒಂದೊಂದಾಗಿ ಬಿಡಿಸಿಟ್ಟಿದ್ದಾರೆ. ಅದರಲ್ಲಿ ಎರಡು ನಮಗೆ ಬೇಕು. ಒಂದು, ಪದ್ಯ ಓದುವ ಮೊದಲೇ ಮನಸ್ಸಿನಲ್ಲಿ ಸಿದ್ಧವಾಗಿ ಕೂತ ಪ್ರತಿಕ್ರಿಯೆ, ಪದ್ಯ ಬರೀ ಗುಂಡಿ ಒತ್ತುತ್ತದೆ. ಇನ್ನೊಂದು, ಓದುವವರ ಸ್ವಂತ ನೆನಪೊಂದು ನುಗ್ಗಿಬಂದು ಪದ್ಯವನ್ನು ಪಕ್ಕಕ್ಕೆ ತಳ್ಳುವುದು. ಈ ಎರಡನೆಯದನ್ನು ನಮ್ಮವರು ಬಹಳ ಹಿಂದೆಯೇ ಗುರುತಿಸಿದ್ದರು. ಅಭಿನವಗುಪ್ತ ರಸಕ್ಕೆ ಬರುವ ಏಳು ವಿಘ್ನಗಳನ್ನು ಎಣಿಸುವಾಗ, ತನ್ನದೇ ಸುಖದುಃಖಗಳಿಗೆ ವಶವಾಗಿಹೋಗುವುದನ್ನೂ ಒಂದು ವಿಘ್ನವೆಂದು ಹೇಳಿದ್ದಾನೆ.

ನಮ್ಮ ಕತೆಗೆ ಇದನ್ನು ಹಿಡಿದು ನೋಡಿ. ಉಳಿದ ಮೂವತ್ತಮೂರು ಮಕ್ಕಳದು ಮೊದಲನೆಯ ಬಗೆ. ಅವರೂ ಪದ್ಯ ಓದಿಲ್ಲ. ಆದರೆ ಅವರ ತಪ್ಪಿಗೆ ನಾಲ್ಕೂವರೆ ಅಂಕ, ಏಕೆಂದರೆ ಅದು ಅಕ್ಕೋರದೇ ತಪ್ಪು. ಹತ್ತೊಂಬತ್ತನೆಯವನದು ಎರಡನೆಯ ಬಗೆಯಿದ್ದೀತು ಎಂದು ನಮಗೆ ಅನ್ನಿಸುತ್ತದೆ. ಅನ್ನಿಸುತ್ತದೆ, ಅಷ್ಟೇ. ಕತೆ ಅದನ್ನು ಹೇಳುವುದಿಲ್ಲ.

ಈ ಮೌನದ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ. ಇಂಥ ಕತೆಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಮೇಷ್ಟ್ರು ಹುಡುಗನ ಬಗ್ಗೆ ವಿಚಾರಿಸುತ್ತಾರೆ. ಅವನ ತಾಯಿ ತೀರಿಕೊಂಡಿದ್ದಾಳೆ, ಅಥವಾ ಅಕ್ಕ ಮನೆ ಬಿಟ್ಟು ಹೋಗಿದ್ದಾಳೆ, ಅವನು ಹಾಸ್ಟೆಲ್ಲಿನಲ್ಲಿ ಒಬ್ಬನೇ ಇದ್ದಾನೆ ಎಂದು ತಿಳಿಯುತ್ತದೆ. ಮೇಷ್ಟ್ರ ಕಣ್ಣು ತುಂಬುತ್ತದೆ. ಓದುಗರ ಕಣ್ಣೂ ತುಂಬಬಹುದು, ಆದರೆ ಆ ಗಳಿಗೆಯಿಂದ ಹುಡುಗನ ಉತ್ತರ ಉತ್ತರವಾಗಿ ಉಳಿಯುವುದಿಲ್ಲ. ಅದು ರೋಗಲಕ್ಷಣವಾಗುತ್ತದೆ. ಅವನು ಹುಲಿಯ ಬಗ್ಗೆ ಏನೋ ಕಂಡಿದ್ದ, ಈಗ ಅವನು ಕಂಡದ್ದು ಮುಖ್ಯವಲ್ಲ, ಅವನಿಗೆ ಏನಾಗಿತ್ತು ಎಂಬುದು ಮುಖ್ಯ. ಕನಿಕರ ತೋರಿಸುವ ನೆಪದಲ್ಲಿ ಅವನಿಂದ ಬುದ್ಧಿಯನ್ನು ಕಿತ್ತುಕೊಂಡಂತೆ. ನಮ್ಮ ಕತೆಯಲ್ಲಿ ಅಕ್ಕೋರು ಹುಡುಗನ ಮನೆಯ ವಿಷಯ ಕೇಳುವುದಿಲ್ಲ, ಪುಸ್ತಕ ತೆಗೆದುಕೊಂಡು ಬಾ ಎನ್ನುತ್ತಾರೆ. ಅವನನ್ನು ಓದುಗನೆಂದು ಗೌರವಿಸಿದ್ದು ಹಾಗೆ. ಅವನೂ ತನ್ನ ಕಷ್ಟ ಹೇಳಿಕೊಳ್ಳುವುದಿಲ್ಲ, ಪದ್ಯದಿಂದಲೇ ವಾದ ಹೂಡುತ್ತಾನೆ.

ಪರೀಕ್ಷೆ ಯಾವುದು ಎಂಬುದೂ ಇದಕ್ಕೆ ಸೇರಿದ ಮಾತು. ಇದೇ ಉತ್ತರ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಕೇಂದ್ರದಲ್ಲಿ ಸಿಕ್ಕಿದ್ದರೆ ಕತೆಯೇ ಬೇರೆಯಾಗುತ್ತಿತ್ತು. ಅಲ್ಲಿ ತಿದ್ದುವವರಿಗೆ ಬರೆದವರ ಹೆಸರು ಗೊತ್ತಿರುವುದಿಲ್ಲ, ಕೈಯಲ್ಲಿ ಮಾದರಿ ಉತ್ತರ ಇರುತ್ತದೆ, ಪಕ್ಕದ ಮೇಜಿನಲ್ಲಿ ಸಹೋದ್ಯೋಗಿಗಳಿರುತ್ತಾರೆ. ಹುಡುಗನನ್ನು ಕರೆಸಿ ಕೇಳುವ ದಾರಿಯೇ ಇಲ್ಲ. ಅಂಥ ಕತೆಯಲ್ಲಿ ಎಲ್ಲ ಭಾರವೂ ಆ ಒಂದು ಅಂಕದ ಮೇಲೆ ಬೀಳುತ್ತದೆ. ಶಾಲೆಯ ಕಿರುಪರೀಕ್ಷೆಯನ್ನು ಆರಿಸಿಕೊಂಡ ಕತೆಯಲ್ಲಿ ಎರಡನೆಯ ಭೇಟಿ ಸಾಧ್ಯ. ಯಾವ ಪರೀಕ್ಷೆ ಎಂದು ಮೊದಲ ಪರಿಚ್ಛೇದದಲ್ಲೇ ಗುರುತಿಸಿಕೊಂಡರೆ ಕತೆ ಎತ್ತ ಹೋಗಬಲ್ಲದು, ಎತ್ತ ಹೋಗಲಾರದು ಎಂಬುದು ತಿಳಿಯುತ್ತದೆ.

ಇನ್ನು ಹುಡುಗನ ಭಾಷೆ. ಮಕ್ಕಳ ಉತ್ತರವನ್ನು ದೊಡ್ಡವರು ಬರೆಯುವಾಗ ಕೈ ತೋರಿಬಿಡುವ ಜಾಗ ಇದು. ಮೇಲಿನ ಉತ್ತರದ ಕೊನೆಗೆ ಇನ್ನೊಂದು ವಾಕ್ಯ ಸೇರಿಸಿ ನೋಡಿ: ‘ಆದ್ದರಿಂದ ಇದು ಸತ್ಯದ ಪದ್ಯವಲ್ಲ, ಏಕಾಂಗಿತನದ ಪದ್ಯ.’ ಕೇಳಲು ಚೆನ್ನಾಗಿದೆ, ಆದರೆ ಅದನ್ನು ಬರೆದದ್ದು ಹದಿಮೂರರ ಹುಡುಗನಲ್ಲ, ವಿಮರ್ಶೆ ಓದಿದ ದೊಡ್ಡವರು. ಮಕ್ಕಳು ಹುಲಿಯ ಬಗ್ಗೆ ಹೇಳುತ್ತಾರೆ, ಪದ್ಯದ ಬಗ್ಗೆ ಅಲ್ಲ. ‘ಅದಕ್ಕೆ ಹಾರಿತು’ ಎಂದು ನಿಲ್ಲಿಸುತ್ತಾರೆ. ತನ್ನ ಉತ್ತರ ವಿಶೇಷವಾದದ್ದು ಎಂದು ಅವನಿಗೆ ಗೊತ್ತಿರುವಂತೆ ಕಾಣಬಾರದು. ಅವನು ಪ್ರಶ್ನೆಗೆ ಉತ್ತರಿಸುತ್ತಿದ್ದೇನೆಂದೇ ನಂಬಿದ್ದಾನೆ, ಮೊದಲ ವಾಕ್ಯದಲ್ಲಿ ಸತ್ಯದ ಮಾತನ್ನು ಶಿಸ್ತಾಗಿ ಹೇಳಿಯೂ ಇದ್ದಾನೆ. ಉತ್ತರದಲ್ಲಿ ಒಂದೇ ಒಂದು ವಾಕ್ಯ ಜಾಣತನ ತೋರಿಸಲು ಬಂದಂತೆ ಕಂಡರೂ, ಅಲ್ಲಿ ಕತೆಗಾರರು ಹುಡುಗನ ಕೈಯಿಂದ ಪೆನ್ನು ಕಿತ್ತುಕೊಂಡಿದ್ದಾರೆಂದು ತಿಳಿಯಿರಿ.

ಕತೆಯನ್ನು ಎರಡನೆಯ ಸಲ ಓದುವಾಗ ಹುಡುಗನನ್ನು ಬಿಟ್ಟು ಅಕ್ಕೋರ ಕೈಯನ್ನು ಮಾತ್ರ ನೋಡಿ. ಪೆನ್ನು ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ? ಹತ್ತೊಂಬತ್ತನೆಯ ಪತ್ರಿಕೆಯಲ್ಲಿ ಅದು ನಿಲ್ಲಲಿಲ್ಲ. ಅಲ್ಲಿ ಅವರು ಕಾಗುಣಿತ ತಿದ್ದುವವರಾಗಿದ್ದರು. ನಿಂತದ್ದು ಇಪ್ಪತ್ತಮೂರರಲ್ಲಿ, ಅದೂ ಸರಿಯಾದ ಉತ್ತರದ ಮೇಲೆ. ಅವರನ್ನು ಕೆಣಕಿದ್ದು ಹುಡುಗನ ತಪ್ಪು ಓದೇ, ಆದರೆ ಅದು ಕೆಲಸ ಮಾಡಿದ್ದು ತಡವಾಗಿ, ಬೇರೊಬ್ಬರ ಒಪ್ಪಿತ ವಾಕ್ಯವನ್ನು ಒಳಗಿನಿಂದ ಟೊಳ್ಳು ಮಾಡುವ ಮೂಲಕ. ಹುಡುಗನ ಪತ್ರಿಕೆ ಓದಿದ ಕೂಡಲೇ ಪೆನ್ನು ಕೆಳಗಿಡುವ ಮೇಷ್ಟ್ರು ಕತೆಗಳಲ್ಲಿ ಬಹಳ ಸಿಗುತ್ತಾರೆ. ರಾತ್ರಿ ಹೊತ್ತು, ಮೂವತ್ತನಾಲ್ಕರ ಕಟ್ಟಿನಲ್ಲಿ, ಬೆಳಗ್ಗೆ ಅಂಕ ಕೊಡಬೇಕಾದವರು ಹಾಗೆ ಮಾಡುವುದು ಕಡಿಮೆ. ಕಟ್ಟಿನಲ್ಲಿ ಆ ಪತ್ರಿಕೆ ಎಷ್ಟನೆಯದು, ಅದಕ್ಕೆ ಮುಂಚೆ ಮತ್ತು ಆಮೇಲೆ ಏನಿತ್ತು ಎಂಬ ಲೆಕ್ಕ ಬೇಸರದ ವಿವರದಂತೆ ಕಾಣುತ್ತದೆ, ಆದರೆ ಮನಸ್ಸಿನ ಚಲನೆ ಈ ಬಗೆಯ ಕತೆಗಳಲ್ಲಿ ಅಡಗಿರುವುದು ಅಲ್ಲಿಯೇ.

ಕೊನೆಯ ಮಾತಿಗೆ ಬರೋಣ. ಸತ್ಯ ಹೇಳುತ್ತೇನೆಂದದ್ದು ಹಸು ಮಾತ್ರ ಎನ್ನುತ್ತಾನೆ ಹುಡುಗ. ಅಂದರೆ ಹುಲಿ ತನ್ನ ಸಾವಿಗೆ ಕೊಟ್ಟ ಕಾರಣ ನಿಜವಾಗಿರಬೇಕೆಂದಿಲ್ಲ. ಒಂಟಿತನವನ್ನು ಹೇಳಿಕೊಳ್ಳಲಾರದೆ ಅದು ಪರಮಾತ್ಮನ ಹೆಸರು ಹೇಳಿತು. ಇದು ಮತ್ತೊಂದು ತಪ್ಪು ಓದು. ಪಾತ್ರದ ಮಾತನ್ನು ಅನುಮಾನಿಸಿ ಓದುವುದು ಆಧುನಿಕ ಕಾದಂಬರಿಗೆ ಹೊಂದುತ್ತದೆ. ಇಂಥ ಹಾಡುಗತೆಯಲ್ಲಿ ಸಾಯುವ ಮುನ್ನ ಹೇಳಿದ ಮಾತು ಹೇಳಿದಂತೆಯೇ ನಿಜ. ಅಕ್ಕೋರು ಇದನ್ನು ಹುಡುಗನಿಗೆ ವಿವರಿಸಬಹುದಿತ್ತು. ವಿವರಿಸಿದರೋ ಇಲ್ಲವೋ ಕತೆ ಹೇಳುವುದಿಲ್ಲ. ಆದರೆ ಸತ್ಯದ ಮಹಿಮೆ ವಿವರಿಸಿ ಎಂದು ಕೇಳಿದ ಪ್ರಶ್ನೆಗೆ, ಈ ಹಾಡಿನಲ್ಲಿ ಸತ್ಯಕ್ಕೆ ಕಟ್ಟುಬಿದ್ದವರು ಯಾರು, ಬೀಳದವರು ಯಾರು ಎಂದು ವಿಂಗಡಿಸಿ ನೋಡಿದ್ದು ಇಡೀ ತರಗತಿಯಲ್ಲಿ ಅವನೊಬ್ಬನೇ. ‘ಪ್ರಶ್ನೆಗೆ ಉತ್ತರವಲ್ಲ’ ಎಂಬ ಅಂಚಿನ ಬರಹವನ್ನು ಈಗ ಮತ್ತೆ ಓದಿ.

ಎರಡು ಅಂಕ ಅನ್ಯಾಯವೇ ಎಂದು ಈ ಕತೆ ಓದಿದವರು ಜಗಳವಾಡಬಹುದು. ನಾನು ಅಕ್ಕೋರ ಪಕ್ಷ. ಒಂದೇ ಉಳಿಸಿದ್ದರೆ ಅವರು ಕಂಡದ್ದನ್ನು ಕಾಣದವರಂತೆ ನಟಿಸಿದಂತೆ. ಐದು ಕೊಟ್ಟಿದ್ದರೆ ಪರಮಾತ್ಮನ ಮಾತನ್ನು ತಾವೂ ಬಿಟ್ಟುಕೊಟ್ಟಂತೆ, ಮತ್ತು ಹುಡುಗ ಪುಸ್ತಕ ಹಿಡಿದುಕೊಂಡು ಬರುತ್ತಿರಲಿಲ್ಲ.